ತಾಳೆಯಾದರೆ ಸರಿಯಾಯಿತೇ?

ಪ್ರಥಮ ಪಿಯುಸಿಯಲ್ಲಿ ವಾಣಿಜ್ಯ ಓದುವವರಿಗೆ ಈ ಮನೆಗೆಲಸ ತಪ್ಪಿದ್ದಲ್ಲ. ಒಬ್ಬನೇ ಮಾಲೀಕನ ಅಂಗಡಿಯ ತಾಳೆಪಟ್ಟಿ, ಅದರ ಕೆಳಗೆ ನಾಲ್ಕೈದು ಹೊಂದಾಣಿಕೆ. ಇಷ್ಟರಿಂದ ವ್ಯಾಪಾರ ಖಾತೆ, ಲಾಭ-ನಷ್ಟ ಖಾತೆ, ಅಢಾವೆ ಪತ್ರಿಕೆ ತಯಾರಿಸಬೇಕು. ಕೊನೆಯಲ್ಲಿ ಎರಡೂ ಬದಿಯ ಮೊತ್ತ ಒಂದೇ ಬಂದರೆ ಕೆಳಗೆ ಜೋಡಿ ಗೆರೆ ಎಳೆದು ಪುಸ್ತಕ ಮುಚ್ಚುತ್ತಾರೆ. ಆ ಜೋಡಿ ಗೆರೆಗೆ ನಾವು ಕೊಡುವ ಬೆಲೆ ತೀರಾ ಹೆಚ್ಚಾಯಿತು ಎಂಬುದು ನನ್ನ ತಕರಾರು.

ಒಂದು ಕಿರಾಣಿ ಅಂಗಡಿಯ ಮಾರ್ಚ್ 31ರ ಲೆಕ್ಕವನ್ನು ನೋಡೋಣ. ಡೆಬಿಟ್ ಬದಿಯಲ್ಲಿ ಆರಂಭಿಕ ಸರಕು 40,000, ಖರೀದಿ 3,00,000, ಸರಕು ತಂದ ಸಾಗಾಣಿಕೆ 5,000, ಸಂಬಳ 36,000, ಬಾಡಿಗೆ 22,000, ಪೀಠೋಪಕರಣ 50,000, ಗಿರಾಕಿಗಳಿಂದ ಬರಬೇಕಾದ ಬಾಕಿ 45,000, ನಗದು 20,000, ಮಾಲೀಕನ ಡ್ರಾಯಿಂಗ್ಸ್ 30,000. ಕ್ರೆಡಿಟ್ ಬದಿಯಲ್ಲಿ ಮಾರಾಟ 4,00,000, ಬಂಡವಾಳ 1,20,000, ಸರಕು ಕೊಟ್ಟವರ ಬಾಕಿ 28,000. ಎರಡೂ ಕಡೆ 5,48,000. ಹೊಂದಾಣಿಕೆಗಳು ನಾಲ್ಕು: ಅಂತಿಮ ಸರಕು 55,000, ಕೊಡಬೇಕಾದ ಬಾಡಿಗೆ 2,000, ಪೀಠೋಪಕರಣದ ಮೇಲೆ ಶೇ 10 ಸವಕಳಿ, ಮಾಲೀಕ ಮನೆಗೆ ಒಯ್ದ ಸರಕು 6,000.

ತಾಳೆಪಟ್ಟಿಯ ಅಂಶ ಒಂದು ಕಡೆ, ಹೊಂದಾಣಿಕೆ ಎರಡು ಕಡೆ ಎಂಬ ಸೂತ್ರ ಹಿಡಿದು ಹೊರಟರೆ ಒಟ್ಟು ಲಾಭ 1,16,000 ಬರುತ್ತದೆ. ಅದರಲ್ಲಿ ಸಂಬಳ 36,000, ಬಾಡಿಗೆ 24,000, ಸವಕಳಿ 5,000 ಕಳೆದರೆ ನಿವ್ವಳ ಲಾಭ 51,000. ಬಂಡವಾಳಕ್ಕೆ ಅದನ್ನು ಕೂಡಿ, ಒಟ್ಟು ಡ್ರಾಯಿಂಗ್ಸ್ 36,000 ಕಳೆದರೆ 1,35,000 ಉಳಿಯುತ್ತದೆ. ಅಢಾವೆ ಪತ್ರಿಕೆ 1,65,000ಕ್ಕೆ ತಾಳೆಯಾಗುತ್ತದೆ.

ಈ ಅಭ್ಯಾಸದ ಗುಣವನ್ನು ಒಪ್ಪಲೇಬೇಕು. ಹೊಂದಾಣಿಕೆಯ ಒಂದು ಕಾಲನ್ನು ಮರೆತವನನ್ನು ಅದು ಕೂಡಲೇ ಹಿಡಿದುಕೊಡುತ್ತದೆ. ಬಾಕಿ ಬಾಡಿಗೆಯನ್ನು ಖರ್ಚಿಗೆ ಸೇರಿಸಿ ಹೊಣೆಯಲ್ಲಿ ಬಿಟ್ಟರೆ ಸರಿಯಾಗಿ 2,000 ವ್ಯತ್ಯಾಸ. ಮನೆಗೆ ಒಯ್ದ ಸರಕನ್ನು ಬಂಡವಾಳದಿಂದ ಕಳೆಯುವ ಬದಲು ಕೂಡಿದರೆ ಅದರ ಇಮ್ಮಡಿ, 12,000. ವ್ಯತ್ಯಾಸದ ಮೊತ್ತವೇ ತಪ್ಪಿನ ವಿಳಾಸ ಹೇಳುತ್ತದೆ.

ಆದರೆ ಮನೆಗೆ ಒಯ್ದ ಸರಕನ್ನು ಎರಡೂ ಕಡೆ ಮರೆತವನ ಪುಟವನ್ನು ನೋಡಿ. ಖರೀದಿಯಿಂದ 6,000 ಕಳೆಯದ ಕಾರಣ ಅವನ ನಿವ್ವಳ ಲಾಭ 45,000ಕ್ಕೆ ಇಳಿದಿದೆ. ಡ್ರಾಯಿಂಗ್ಸ್ ಮಾತ್ರ ಹಳೆಯ 30,000ದಲ್ಲೇ ನಿಂತಿದೆ. 1,20,000ಕ್ಕೆ 45,000 ಕೂಡಿ 30,000 ಕಳೆದರೆ ಮತ್ತೆ 1,35,000. ಅಢಾವೆ ಪತ್ರಿಕೆ ಮತ್ತೆ 1,65,000. ಬರೀ ತಾಳೆಯಾಗುವುದಲ್ಲ, ಸರಿಯುತ್ತರದ ಮೊತ್ತಕ್ಕೇ ಬಂದು ನಿಲ್ಲುತ್ತದೆ. ಕೊನೆಯ ಮೊತ್ತವನ್ನಷ್ಟೇ ಪಕ್ಕದವನ ಪುಸ್ತಕದೊಡನೆ ಹೋಲಿಸಿ ಸಮಾಧಾನಪಡುವ ಹುಡುಗನಿಗೆ ಈ ತಪ್ಪು ಕಾಣುವುದೇ ಇಲ್ಲ. ಅಂಗಡಿ ಗಳಿಸಿದ ಲಾಭದಲ್ಲಿ 6,000 ಮನೆಯ ಅಡುಗೆಗೆ ಹೋಗಿದ್ದರೂ, ಅಂಗಡಿಯೇ ಅಷ್ಟು ಕಡಿಮೆ ಗಳಿಸಿತೆಂದು ಅವನ ಲೆಕ್ಕ ಹೇಳುತ್ತಿದೆ. ಮಾಲೀಕನ ಜೇಬು ಬೇರೆ, ಅಂಗಡಿಯ ಗಲ್ಲಾಪೆಟ್ಟಿಗೆ ಬೇರೆ ಎಂಬುದು ಒಬ್ಬನ ವ್ಯಾಪಾರದ ಲೆಕ್ಕಕ್ಕೆ ಮೊದಲ ಪಾಠ. ತಾಳೆ ನೋಡುವ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದೂ ಅದೇ.

ಎರಡನೆಯ ಕೊರತೆ ಅಂತಿಮ ಸರಕಿನದು. ಇಡೀ ಲೆಕ್ಕದಲ್ಲಿ ಅತ್ಯಂತ ಕಷ್ಟದ ಅಂಕಿಯನ್ನು ಪ್ರಶ್ನೆಯೇ ಕೈಗೆ ಕೊಟ್ಟುಬಿಡುತ್ತದೆ. ನಿಜವಾದ ಅಂಗಡಿಯಲ್ಲಿ ಮೂಟೆ ಎಣಿಸಬೇಕು, ಹುಳು ಹಿಡಿದ ಬೇಳೆಯನ್ನು ಬೇರೆ ಇಡಬೇಕು, ಕೊಂಡ ಬೆಲೆ ಮತ್ತು ಮಾರಿದರೆ ಕೈಗೆ ಬರುವ ಬೆಲೆಗಳಲ್ಲಿ ಕಡಿಮೆಯದನ್ನು ಹಿಡಿಯಬೇಕು. 55,000ದ ಬದಲು 60,000 ಎಂದು ಬರೆದರೆ ಲಾಭವೂ ಆಸ್ತಿಯೂ 5,000 ಏರುತ್ತವೆ, ತಾಳೆಗೆ ಏನೂ ಆಗುವುದಿಲ್ಲ. ಆದರೆ ಅದೇ 60,000 ಮುಂದಿನ ವರ್ಷದ ಆರಂಭಿಕ ಸರಕಾಗಿ ಬಂದು, ಆ ವರ್ಷದ ಲಾಭವನ್ನು ಅಷ್ಟೇ ತಿನ್ನುತ್ತದೆ. ಒಂದೇ ವರ್ಷಕ್ಕೆ ಮುಗಿಯುವ ಮನೆಗೆಲಸದಲ್ಲಿ ಈ ಪೆಟ್ಟು ಯಾರಿಗೂ ಕಾಣಿಸದು.

ಹಾಗೆಂದು ಈ ಅಭ್ಯಾಸವನ್ನು ಕೈಬಿಡಬೇಕಿಲ್ಲ, ಪ್ರಶ್ನೆ ಕೇಳುವ ರೀತಿ ಬದಲಾದರೆ ಸಾಕು. ಅಂತಿಮ ಸರಕನ್ನು ಮೊತ್ತವಾಗಿ ಕೊಡದೆ, ಐದಾರು ಸಾಮಾನಿನ ಪ್ರಮಾಣ, ಕೊಂಡ ಬೆಲೆ, ಈಗ ಮಾರಿದರೆ ಬರುವ ಬೆಲೆಗಳ ಪಟ್ಟಿಯಾಗಿ ಕೊಡಲಿ. ಕೆಲವೊಮ್ಮೆ ತಾಳೆಯಾಗಿರುವ, ಆದರೆ ತಪ್ಪಿರುವ ಅಂತಿಮ ಲೆಕ್ಕವನ್ನೇ ಮುಂದಿಟ್ಟು, ನಿಜವಾದ ಲಾಭವೆಷ್ಟು ಎಂದು ಕೇಳಲಿ. ಮೌಲ್ಯಮಾಪನದಲ್ಲೂ ಕೊನೆಯ ಮೊತ್ತಕ್ಕಿಂತ ಮೊದಲು ನಿವ್ವಳ ಲಾಭವನ್ನೂ ಡ್ರಾಯಿಂಗ್ಸನ್ನೂ ನೋಡಬೇಕು. ಎರಡು ಬದಿ ಸಮವಾದದ್ದು ಕೂಡುವ ಕಳೆಯುವ ಕೆಲಸ ನೆಟ್ಟಗಿದೆ ಎನ್ನುವುದಕ್ಕಷ್ಟೇ ಸಾಕ್ಷಿ. ಅಂಗಡಿಯವನು ಎಷ್ಟು ಗಳಿಸಿದ ಎಂಬುದಕ್ಕೆ ಬೇರೆಯೇ ಸಾಕ್ಷಿ ಬೇಕು.