ಹದಿನೇಳನೆಯ ಕಲಮಿನ ಅಂಚಿನಲ್ಲಿ

ಸಾಲದ ಆ್ಯಪ್‌ನ ಕರಾರನ್ನು ಮೊಬೈಲಿನಲ್ಲಿ ಓದಬಾರದು. ಹಾಳೆಯ ಒಂದೇ ಮಗ್ಗುಲಿಗೆ ಮುದ್ರಿಸಿಕೊಂಡು, ಬಲಗಡೆ ಮೂರು ಬೆರಳಷ್ಟು ಅಂಚು ಬಿಟ್ಟು, ಪೆನ್ಸಿಲ್ ಹಿಡಿದು ಕೂರಬೇಕು. ಧಾರಾವಿಯ ನೈಂಟಿ ಫೀಟ್ ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ಹಾಗೆ ತೆಗೆಸಿದ ಹಾಳೆಗಳು ನನ್ನ ಮುಂದಿವೆ. ಕಲಬುರಗಿ ಕಡೆಯಿಂದ ಬಂದು, ಇಲ್ಲಿ ಒಂದೇ ಹೊಲಿಗೆ ಮಶೀನು ಇಟ್ಟುಕೊಂಡು ಪ್ಯಾಂಟು ಹೊಲಿಯುವವರೊಬ್ಬರು ಸಾಲ ತೆಗೆದುಕೊಳ್ಳುವ ಮೊದಲು ತಂದುಕೊಟ್ಟವು. ಅವರು ಕೇಳಿದ್ದು ಒಂದೇ: "ಸರ, ಕಂತು ತಡಾ ಆದ್ರ ಊರಾಗಿನ ಮಂದಿಗೆ ಫೋನ್ ಹಚ್ತೀವಿ ಅಂತ ಇದ್ರಾಗ ಎಲ್ಲಿ ಬರದಾರ್ರೀ?"

ಎಲ್ಲೂ ಬರೆದಿಲ್ಲ. ಆದರೂ ಇದೆ. ಅದನ್ನು ಹುಡುಕಿ ತೆಗೆಯುವುದರಲ್ಲಿ ಒಂದು ಗಟ್ಟಿ ಸುಖವಿದೆ. ಆ ಸುಖ ಗೊತ್ತಾದವರು ಉದ್ದದ ಕರಾರನ್ನು ಬೇಸರದ ಓದು ಎನ್ನುವುದಿಲ್ಲ.

ಮೊದಲ ಓದಿನಲ್ಲಿ ಅರ್ಥಕ್ಕೆ ಕೈಹಾಕುವುದಿಲ್ಲ. ಯಾರಿಗೆ ಅಧಿಕಾರ, ಯಾರಿಗೆ ಕರ್ತವ್ಯ ಎಂಬುದನ್ನಷ್ಟೇ ಗೆರೆ ಎಳೆದು ನೋಡುವುದು. ಈ ಹಾಳೆಗಳಲ್ಲಿ ಕಂಪನಿಯ ಹೆಸರಿನ ಮುಂದೆ ಬಹುತೇಕ ‘ಮೇ’, ಸಾಲಗಾರನ ಮುಂದೆ ಬಹುತೇಕ ‘ಶಲ್’. ಎರಡು ಪುಟ ದಾಟುವಷ್ಟರಲ್ಲಿ ಬರಹದ ಒಲವು ಎತ್ತ ಎಂದು ಕಣ್ಣಿಗೇ ಕಾಣುತ್ತದೆ. ಎರಡನೆಯ ಓದಿನಲ್ಲಿ ಅಂಚಿನ ಗುರುತುಗಳು ಶುರುವಾಗುತ್ತವೆ. ಬೇರೆ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣದ ಮಾತಿಗೆ ಪ್ರಶ್ನೆಚಿಹ್ನೆ, ಕಾನೂನಿಗೋ ನ್ಯಾಯಕ್ಕೋ ಒಗ್ಗದ್ದಕ್ಕೆ ಕತ್ತರಿ ಗುರುತು. ಇವೆರಡನ್ನು ಬೆರೆಸಬಾರದು. ವಿಚಿತ್ರವಾಗಿದ್ದೂ ನಿರಪಾಯಕಾರಿಯಾದ ಕಲಮುಗಳಿರುತ್ತವೆ. ಎಲ್ಲರೂ ಬರೆಯುವ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳದ ಅನ್ಯಾಯಗಳೂ ಇರುತ್ತವೆ.

ಈಗ ಆ ಫೋನಿನ ಮಾತು. ಆರಂಭದ ಅರ್ಥವಿವರಣೆಯ ಭಾಗದಲ್ಲಿ ‘ಪಾರ್ಟ್‌ನರ್’ ಎಂದರೆ ಯಾರು ಎಂದು ಹೇಳಿದ್ದಾರೆ: ಸಮೂಹದ ಕಂಪನಿಗಳು, ಸೇವೆ ಒದಗಿಸುವವರು, ಏಜೆಂಟರು, ಜೊತೆಗೆ ಕಂಪನಿಗೆ ಸೂಕ್ತವೆನಿಸಿದ ಬೇರೆ ಯಾರೇ ಆದರೂ. ಅಲ್ಲಿ ಅದು ಸಪ್ಪೆ ಮಾತು, ಯಾರೂ ನಿಲ್ಲುವುದಿಲ್ಲ. ಒಂಬತ್ತನೆಯ ಕಲಮಿನಲ್ಲಿ, ಖಾತೆಯ ನಿರ್ವಹಣೆಗಾಗಿ ಸಾಧನದಲ್ಲಿರುವ ಸಂಪರ್ಕ ಮಾಹಿತಿಯನ್ನು ಪಾರ್ಟ್‌ನರ್‌ಗಳೊಡನೆ ಹಂಚಿಕೊಳ್ಳಬಹುದು ಎಂದಿದೆ. ಸಾಧನವೆಂದರೆ ಅವರ ಮೊಬೈಲು. ಅದರಲ್ಲಿರುವ ಸಂಪರ್ಕ ಮಾಹಿತಿಯೆಂದರೆ ಊರಲ್ಲಿರುವ ತಂಗಿ, ಸೋದರಮಾವ, ಬಟ್ಟೆ ಕೊಡುವ ಸೇಠ್ ಎಲ್ಲರ ನಂಬರು. ವಸೂಲಿಯವರು ಏಜೆಂಟರು ಎಂಬುದು ಮೊದಲ ಪುಟದಲ್ಲೇ ಬಂದಾಗಿದೆ. ಇನ್ನು ಹದಿನೇಳನೆಯ ಕಲಮು: ಕಂಪನಿ ಈ ಷರತ್ತುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು, ಆ್ಯಪ್ ಬಳಸುತ್ತಿದ್ದರೆ ಅದೇ ಒಪ್ಪಿಗೆ. ಇದ್ದ ಸಾಲ ತೀರಿಸಲು ಆ್ಯಪ್ ತೆರೆಯಲೇಬೇಕಲ್ಲ! ತೆರೆದರೆ ಹೊಸ ಷರತ್ತಿಗೂ ಸಹಿ ಬಿತ್ತು. ಅಂಗಿಯನ್ನು ಒಳಮಗ್ಗುಲಾಗಿಸಿದಾಗ ಮಾತ್ರ ಹೊಲಿಗೆ ಕಾಣುವಂತೆ, ಈ ಮೂರನ್ನು ಒಟ್ಟಿಗೆ ಹಿಡಿದರೇ ಕರಾರಿನ ಕಸುಬು ಗೊತ್ತಾಗುವುದು. ಅಂಚಿನಲ್ಲಿ ನಾನು ಬರೆದದ್ದು ಇಷ್ಟೇ: "1ಅನ್ನು 9ರೊಳಗೆ ಇಟ್ಟು ಓದಿ; 17 ಬಂದಮೇಲೆ ಮತ್ತೆ ಓದಿ." ಒಳ್ಳೆಯ ಟಿಪ್ಪಣಿ ಸಿಟ್ಟನ್ನು ಬರೆಯುವುದಿಲ್ಲ, ಓದುವವನನ್ನು ಸರಿಯಾದ ಪುಟಕ್ಕೆ ಕಳಿಸುತ್ತದೆ.

ಕತ್ತರಿ ಗುರುತು ಹಾಕಿದ ಮೇಲೆ ಅದಕ್ಕೆ ಆಧಾರವನ್ನೂ ಬರೆಯಬೇಕು. ಇಲ್ಲಿ ಆಧಾರ ಗಟ್ಟಿಯಾಗಿದೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಕೊಟ್ಟ ಡಿಜಿಟಲ್ ಸಾಲದ ಮಾರ್ಗಸೂಚಿ, ಆಮೇಲೆ 2025ರ ಮೇ ತಿಂಗಳ ನಿರ್ದೇಶನ, ಎರಡೂ ಒಂದೇ ಮಾತು ಹೇಳುತ್ತವೆ: ಸಾಲದ ಆ್ಯಪ್ ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೊ ಮತ್ತು ಫೈಲುಗಳನ್ನು ಮುಟ್ಟುವಂತಿಲ್ಲ. ಗುರುತಿನ ಪರಿಶೀಲನೆಗಾಗಿ ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿ ಬೇಕಾದರೆ ಒಮ್ಮೆ, ಅದೂ ಸ್ಪಷ್ಟ ಒಪ್ಪಿಗೆಯ ಮೇಲೆ. ಆದರೆ ಈ ನಿಯಮ ಕಟ್ಟಿಹಾಕುವುದು ಬ್ಯಾಂಕುಗಳನ್ನು, ಎನ್‌ಬಿಎಫ್‌ಸಿಗಳನ್ನು ಮತ್ತು ಅವರ ಪರವಾಗಿ ಕೆಲಸ ಮಾಡುವ ಆ್ಯಪ್‌ಗಳನ್ನು. ಆದ್ದರಿಂದ ಎಲ್ಲಕ್ಕಿಂತ ಮೊದಲ ಟಿಪ್ಪಣಿ ಮೊದಲ ಪುಟದ್ದೇ: ಸಾಲ ಕೊಡುವ ಸಂಸ್ಥೆ ಯಾವುದು? ಹೆಸರು ಇಲ್ಲದಿದ್ದರೆ ಮುಂದಿನ ಹಾಳೆ ತಿರುವುವ ಅಗತ್ಯವೇ ಇಲ್ಲ. ಹೆಸರಿದ್ದರೆ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ನೋಡಿಕೊಳ್ಳಬಹುದು.

ಎರಡನೆಯ ಆಧಾರವನ್ನು ನಾನು ಓದಿದಾಗಲೆಲ್ಲ ನಿಂತು ಓದುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 6ನೆಯ ಕಲಮಿನ ಕೆಳಗೆ ಒಂದು ಸಣ್ಣ ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ಮಹಿಳೆ ಫೋನಿನ ಮೂಲಕ ವೈದ್ಯರನ್ನು ಕಾಣುವ ಆ್ಯಪ್ ಹಾಕಿಕೊಳ್ಳುತ್ತಾಳೆ. ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆ ಆಕೆಯ ಸಂಪರ್ಕ ಪಟ್ಟಿಯನ್ನೂ ಅದು ಕೇಳುತ್ತದೆ. ಆಕೆ ಎರಡಕ್ಕೂ ಹೂಂ ಎನ್ನುತ್ತಾಳೆ. ಸಂಪರ್ಕ ಪಟ್ಟಿ ಚಿಕಿತ್ಸೆಗೆ ಬೇಕಿಲ್ಲ, ಹೀಗಾಗಿ ಆಕೆಯ ಒಪ್ಪಿಗೆ ಚಿಕಿತ್ಸೆಯಷ್ಟಕ್ಕೇ ನಿಲ್ಲುತ್ತದೆ ಎನ್ನುತ್ತದೆ ಕಾಯ್ದೆ. ಹೂಂ ಎಂದವಳನ್ನೂ ಕೈಬಿಡದ ಮಾತು ಅದು. ಕರಾರು ಬರೆಯುವವರ ಜಾಣತನವನ್ನೆಲ್ಲ ಇಷ್ಟು ಕಡಿಮೆ ಪದಗಳಲ್ಲಿ ತಡೆದು ನಿಲ್ಲಿಸಿದ ಗದ್ಯ ನಮ್ಮ ಶಾಸನಗಳಲ್ಲಿ ಅಪರೂಪ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅವಕಾಶವನ್ನು ಇದೇ ಕಾಯ್ದೆ ಕೊಡುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಸೂಚನೆ ಮತ್ತು ಒಪ್ಪಿಗೆಯ ಭಾಗ ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು. ಟಿಪ್ಪಣಿಯಲ್ಲಿ ಆ ತಾರೀಖನ್ನೂ ಬರೆದಿಡಬೇಕು, ಇಲ್ಲದಿದ್ದರೆ ಇನ್ನೂ ಬಾರದ ಹಕ್ಕನ್ನು ಬಂದದ್ದೆಂದು ನಂಬಿಸಿದಂತಾಗುತ್ತದೆ.

ಗಡುವಿಗೆ ಮುಂಚೆ ಸಾಲ ತೀರಿಸಲು ಬಂದರೆ ಕಂಪನಿ ಹಣ ಸ್ವೀಕರಿಸದೆಯೂ ಇರಬಹುದು ಎಂಬ ಇನ್ನೊಂದು ಕಲಮಿಗೂ ಕತ್ತರಿ ಬಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ಕರಾರು ಎಂದು ಹೆಸರಿಸಿದ ಆರು ಬಗೆಗಳಲ್ಲಿ ಇದೂ ಒಂದು. ಆದರೆ ಅನುಚಿತ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಇನ್ನು ವ್ಯಾಪಾರಕ್ಕೆಂದು ಸಾಲ ಪಡೆದವನು ಗ್ರಾಹಕನೇ ಅಲ್ಲ ಎಂಬ ವಾದ ಎದುರಿನಿಂದ ಬಂದೇ ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಒಂದೇ ಮಶೀನಿನ ನಮ್ಮವರು ಅದರೊಳಗೆ ಬರುತ್ತಾರೆ ಎಂದು ವಾದಿಸಬಹುದು, ಹತ್ತು ಮಶೀನಿಗೆ ಆಳು ಇಟ್ಟವರ ಮಾತು ಬೇರೆ.

ಅವರನ್ನು ಹೆಚ್ಚು ಹೆದರಿಸಿದ್ದ ಕಲಮಿಗೆ ನಾನು ಯಾವ ಗುರುತೂ ಹಾಕಲಿಲ್ಲ. ಸಾಲದ ವಿವರವನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ ಕೊಡುತ್ತೇವೆ ಎಂಬುದದು. 2005ರ ಕಾಯ್ದೆಯೊಂದರ ಪ್ರಕಾರ ಸಾಲ ಕೊಡುವವರು ಅದನ್ನು ಕೊಡಲೇಬೇಕು. ವ್ಯಾಜ್ಯವಾದರೆ ಬೆಂಗಳೂರಿನ ಕೋರ್ಟಿನಲ್ಲಿ ಎಂಬ ಮಾತಿಗೆ ಬರೀ ಪ್ರಶ್ನೆಚಿಹ್ನೆ: ಇಂಥ ಷರತ್ತನ್ನು ನ್ಯಾಯಾಲಯಗಳು ಒಪ್ಪಿದ್ದುಂಟು, ಆದರೆ ಗ್ರಾಹಕನಾಗಿ ದೂರು ಕೊಡುವವನು ತಾನು ವಾಸಿಸುವ ಊರಿನಲ್ಲೇ ಕೊಡಬಹುದು.

ಹಾಳೆಗಳು ಮುಗಿದಾಗ ಕತ್ತರಿ ಗುರುತುಗಳಷ್ಟನ್ನೇ ಎತ್ತಿಕೊಂಡು ಒಂದು ಪುಟದ ಪತ್ರ ಬರೆದೆವು. ಕಲಮಿನ ಸಂಖ್ಯೆ, ಅದು ಹೇಳುವುದೇನು, ಅದಕ್ಕೆ ಅಡ್ಡ ಬರುವ ನಿಯಮ, ನಮಗೆ ಬೇಕಾದ ಬದಲಾವಣೆ, ಈ ಕ್ರಮದಲ್ಲಿ. ಪತ್ರ ಹೋಗಬೇಕಾದದ್ದು ಸಾಲ ಕೊಡುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ. ಅಂಥವರ ಹೆಸರು, ನಂಬರು ಆ್ಯಪ್‌ನಲ್ಲಿ ಇರಲೇಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಯೆನಿಸದಿದ್ದರೆ, ಅದೇ ಪತ್ರವನ್ನು ಹೆಚ್ಚೇನೂ ತಿದ್ದದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಕಳಿಸಬಹುದು. ಅಲ್ಲಿಯವರೆಗೆ ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಸಂಪರ್ಕ ಪಟ್ಟಿಯ ಅನುಮತಿಯನ್ನು ಮುಚ್ಚಿಟ್ಟು, ಮುಚ್ಚಿದ್ದರ ಸ್ಕ್ರೀನ್‌ಶಾಟನ್ನು ಪತ್ರದ ಜೊತೆ ಲಗತ್ತಿಸಿದೆವು.