ಖಲೀಫನಿಲ್ಲದ ವರ್ಷದ ಒಂದು ಪುಸ್ತಕ

1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಿಲಾಫತ್ತನ್ನು ರದ್ದು ಮಾಡಿತು. ಕೊನೆಯ ಖಲೀಫ ಅಬ್ದುಲ್ ಮಜೀದರನ್ನು ಗಡಿ ದಾಟಿಸಿದ್ದೇ ತಡ, ಹೆಜಾಜಿನ ದೊರೆ ಹುಸೇನ್ ತಾನೇ ಖಲೀಫನೆಂದು ಸಾರಿಕೊಂಡರು. ಭಾರತದಲ್ಲಿ ಖಿಲಾಫತ್ ಚಳವಳಿಗೆ ಹೋರಾಡಲು ಕಾರಣವೇ ಉಳಿಯಲಿಲ್ಲ. ಈಜಿಪ್ಟಿನಲ್ಲಿ ದೊರೆ ಫುವಾದ್ ಆ ಪೀಠದ ಮೇಲೆ ಕಣ್ಣಿಟ್ಟಿದ್ದರು. ಇಂಥ ಹೊತ್ತಿನಲ್ಲಿ, 1925ರಲ್ಲಿ, ಅಲ್ ಅಝರ್‌ನಲ್ಲಿ ಓದಿ ಷರೀಯತ್ ನ್ಯಾಯಾಧೀಶರಾಗಿದ್ದ ಅಲಿ ಅಬ್ದುಲ್ ರಾಝಿಕ್ ‘ಇಸ್ಲಾಂ ಮತ್ತು ಆಳ್ವಿಕೆಯ ಮೂಲತತ್ವಗಳು’ ಎಂಬ ಸಣ್ಣ ಪುಸ್ತಕ ತಂದರು. ಖಲೀಫನಿರುವುದು ಧರ್ಮದ ಕಟ್ಟಳೆಯೇ ಅಲ್ಲ ಎಂಬುದು ಅವರ ವಾದ.

ಪುಸ್ತಕದ ಮೊದಲ ಭಾಗವನ್ನು ಇಂದಿಗೂ ಅಲ್ಲಾಡಿಸುವುದು ಕಷ್ಟ. ಖುರಾನಿನಲ್ಲಿ ಈ ಪದವಿಯ ವಿಧಿ ಇಲ್ಲ ಎನ್ನುತ್ತಾರೆ. ಇಮಾಮನಿಗೆ ವಿಧೇಯರಾಗಿರಿ ಎನ್ನುವ ಹದೀಸ್‌ಗಳಿವೆಯಲ್ಲ ಎಂದರೆ ಅವರ ಉತ್ತರ ಸೊಗಸಾಗಿದೆ: ಬಡವರನ್ನು, ಭಿಕ್ಷುಕರನ್ನು ಆದರಿಸಿ ಎಂದೂ ಅಪ್ಪಣೆಯಾಗಿದೆ, ಹಾಗೆಂದು ನಮ್ಮ ನಡುವೆ ಬಡವರನ್ನು ಹುಟ್ಟಿಸುವುದು ಕರ್ತವ್ಯವಾಗುತ್ತದೆಯೇ? ಮದರಸಾದ ತರ್ಕವನ್ನು ಮದರಸಾಕ್ಕೇ ತಿರುಗಿಸಿದ ಕ್ರಮ ಇದು. ಸಮುದಾಯದ ಒಮ್ಮತವೆಂಬ ಇನ್ನೊಂದು ಆಧಾರಕ್ಕೆ ಅವರು ಇತಿಹಾಸವನ್ನು ಮುಂದಿಡುತ್ತಾರೆ. ಬಹುಪಾಲು ಖಲೀಫರ ಸಿಂಹಾಸನ ಕತ್ತಿಯ ಬಲದ ಮೇಲೆ ನಿಂತಿತ್ತು; ಕತ್ತಿಯ ಕೆಳಗಿನ ಮೌನವನ್ನು ಒಪ್ಪಿಗೆ ಎನ್ನಲಾಗದು. ಫುವಾದರ ಹೆಸರಿಲ್ಲದಿದ್ದರೂ ಅರಮನೆಗೆ ಇದು ಚುರುಕು ಮುಟ್ಟಿಸದೆ ಇರುತ್ತದೆಯೇ?

ಎರಡನೆಯ ಭಾಗಕ್ಕೆ ಬಂದಾಗ ನನಗೆ ಅನುಮಾನ ಶುರುವಾಗುತ್ತದೆ. ಪ್ರವಾದಿಯವರದು ಕೇವಲ ಸಂದೇಶದ ನಾಯಕತ್ವ, ರಾಜ್ಯಭಾರವಲ್ಲ ಎಂಬುದು ಅವರ ನಿಲುವು. ಆದರೆ ಮದೀನಾದಲ್ಲಿ ಯುದ್ಧ ನಡೆಯಿತು, ಝಕಾತ್ ವಸೂಲಾಯಿತು, ವ್ಯಾಜ್ಯಗಳು ತೀರ್ಮಾನವಾದವು. ಈ ತೊಡಕನ್ನು ಅವರೇ ಪ್ರಾಮಾಣಿಕವಾಗಿ ಎತ್ತುತ್ತಾರೆ, ಬಿಡಿಸುವುದಿಲ್ಲ. ಪ್ರವಾದಿ ಜನರ ಮೇಲಿನ ಕಾವಲುಗಾರರಲ್ಲ ಎಂಬರ್ಥದ ವಚನಗಳನ್ನು ಸಾಲಾಗಿ ಪೇರಿಸಿ ದಾಟಿಬಿಡುತ್ತಾರೆ. ಮದೀನಾದಲ್ಲಿ ಆಡಳಿತವಿತ್ತು, ಆದರೆ ಅದರ ರೂಪ ಮುಂದಿನವರಿಗೆ ವಿಧಿಯಲ್ಲ ಎಂದಿದ್ದರೆ ಸಾಕಿತ್ತು. ಅಗತ್ಯಕ್ಕಿಂತ ದೊಡ್ಡ ಮಾತಾಡಿ ತಮ್ಮ ಗಟ್ಟಿ ವಾದವನ್ನೇ ಅವರು ಅಪಾಯಕ್ಕೊಡ್ಡಿದರು.

ವಿರೋಧಿಗಳು ಹಿಡಿದದ್ದೂ ಆ ಜಾಗವನ್ನೇ. 1925ರ ಆಗಸ್ಟ್‌ನಲ್ಲಿ ಅಲ್ ಅಝರ್‌ನ ಹಿರಿಯ ಉಲೇಮಾಗಳ ಮಂಡಳಿ ಏಳು ಆರೋಪ ಹೊರಿಸಿ ಅವರನ್ನು ವಿದ್ವಾಂಸರ ಸಾಲಿನಿಂದ ಹೊರಹಾಕಿತು. ನ್ಯಾಯಾಧೀಶ ಹುದ್ದೆಯೂ ಹೋಯಿತು. ಕ್ರಮ ಜರುಗಿಸಲು ಹಿಂದೆಮುಂದೆ ನೋಡಿದ ನ್ಯಾಯಮಂತ್ರಿ ಅಬ್ದುಲ್ ಅಝೀಝ್ ಫಹ್ಮಿ ಪದಚ್ಯುತರಾದರು, ಸಮ್ಮಿಶ್ರ ಸರ್ಕಾರ ಒಡೆಯಿತು. ಬರೀ ಶಾಸ್ತ್ರದ ಜಗಳವಾಗಿದ್ದರೆ ಮಂತ್ರಿಯ ಕುರ್ಚಿ ಹೋಗುತ್ತಿರಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಹೊಸ ಖಲೀಫನ ವಿಷಯ ಇತ್ಯರ್ಥ ಮಾಡಲು ಕೈರೋದಲ್ಲಿ ಸಮ್ಮೇಳನ ಸೇರಿತು. ತುರ್ಕಿಯಿಂದ ಪ್ರತಿನಿಧಿಗಳು ಬರಲಿಲ್ಲ. ಭಾರತದ ಖಿಲಾಫತ್ ಸಮಿತಿಯೂ ದೂರ ಉಳಿಯಿತು. ಖಿಲಾಫತ್ ಕಡ್ಡಾಯವೇ ಹೌದು, ಆದರೆ ಶಾಸ್ತ್ರ ಹೇಳುವ ಷರತ್ತುಗಳಂತೆ ಅದನ್ನು ಈಗ ಸ್ಥಾಪಿಸಲು ಸಾಧ್ಯವಿಲ್ಲ ಎಂದು ಅಭಿಪ್ರಾಯಪಟ್ಟು, ಯಾರನ್ನೂ ಆರಿಸದೆ ಸಭೆ ಚದುರಿತು.