ಹಿಂದಕ್ಕೂ ಕೈಚಾಚುವ ಕೊಂಡಿ

ಕ್ಯಾಶ್‌ನಲ್ಲಿ ಮೂರೇ ಜಾಗ ಇದೆ ಎಂದುಕೊಳ್ಳಿ. ಕ, ಖ, ಗ ಎಂಬ ಕೀಗಳು ಇದೇ ಕ್ರಮದಲ್ಲಿ ಬಂದು ಕೂತಿವೆ. ಯಾರೋ ಕ ಕೇಳಿದರು, ಆಮೇಲೆ ಘ ಬಂತು. ಈಗ ಜಾಗ ಬಿಡಬೇಕಾದದ್ದು ಖ, ಏಕೆಂದರೆ ಅದನ್ನು ಮುಟ್ಟಿ ಎಲ್ಲಕ್ಕಿಂತ ಹೆಚ್ಚು ಹೊತ್ತಾಗಿದೆ. ಹತ್ತು ಲಕ್ಷ ಕೀಗಳಿದ್ದರೂ ಈ ತೀರ್ಮಾನ ಇಷ್ಟೇ ಬೇಗ ಆಗುವುದು ಹ್ಯಾಶ್ ಮ್ಯಾಪ್ ಮತ್ತು ಲಿಂಕ್ಡ್ ಲಿಸ್ಟ್ ಜೋಡಿಸಿದ ವಿನ್ಯಾಸದ ಚೆಲುವು.

ಹ್ಯಾಶ್ ಮ್ಯಾಪ್ ಕೀಯನ್ನು ಥಟ್ಟನೆ ಹುಡುಕುತ್ತದೆ, ಆದರೆ ಅದಕ್ಕೆ ಸರದಿ ಗೊತ್ತಿಲ್ಲ. ಲಿಂಕ್ಡ್ ಲಿಸ್ಟ್‌ಗೆ ಸರದಿ ಗೊತ್ತು, ಹುಡುಕಲು ಮಾತ್ರ ತುದಿಯಿಂದ ನಡೆಯಬೇಕು. ಮ್ಯಾಪಿನಲ್ಲಿ ಲಿಸ್ಟಿನ ನೋಡ್‌ನ ವಿಳಾಸವನ್ನೇ ಇಟ್ಟರೆ ಎರಡರ ಕೊರತೆಯೂ ನೀಗುತ್ತದೆ. ಕ ಕೇಳಿದಾಗ ಮ್ಯಾಪ್ ನೇರವಾಗಿ ಅದರ ನೋಡ್ ತೋರಿಸುತ್ತದೆ. ಅದನ್ನು ಬಿಡಿಸಿ ಮುಂದಿನ ತುದಿಗೆ ಸೇರಿಸಬೇಕು. ಬಿಡಿಸಲು ಹಿಂದಿನ ನೋಡ್ ಯಾವುದೆಂದು ತಿಳಿದಿರಬೇಕು. ಒಂದೇ ಕಡೆಯ ಕೊಂಡಿಯಿದ್ದರೆ ಅದಕ್ಕಾಗಿ ಮತ್ತೆ ಮೊದಲಿಂದ ನಡೆಯಬೇಕಿತ್ತು. ಎರಡೂ ಕಡೆ ಕೊಂಡಿ ಇರುವುದರಿಂದ ಎರಡೇ ಸಾಲು ಸಾಕು:

```
n.prev.next = n.next
n.next.prev = n.prev
```

ಎರಡು ತುದಿಗೂ ಒಂದೊಂದು ಖಾಲಿ ನೋಡ್ ಕಾವಲಿಟ್ಟರೆ ಇಲ್ಲಿ `if` ಕೂಡ ಬೇಡ.

ನನಗೆ ಅತಿ ಪ್ರಿಯವಾದದ್ದು ಇನ್ನೊಂದು ವಿವರ: ನೋಡ್ ಒಳಗೆ ಕೀಯೂ ಇರಬೇಕು. ಬಾಲದ ಖ ತೆಗೆದಾಗ ಮ್ಯಾಪಿನಿಂದಲೂ ಅಳಿಸಬೇಕಲ್ಲ, ಕೀ ಇಲ್ಲದೆ ಯಾವುದನ್ನು ಅಳಿಸುವುದು? ಅಳಿಸಲು ಮರೆತರೆ ಲಿಸ್ಟ್ ಮೂರರಲ್ಲೇ ನಿಂತು ಮ್ಯಾಪ್ ಮಾತ್ರ ಬೆಳೆಯುತ್ತದೆ. ಎರಡರ ಗಾತ್ರ ಹೋಲಿಸಿದರೆ ತಪ್ಪು ಸಿಕ್ಕಿಬೀಳುತ್ತದೆ.

ಒಂದು ಮಿತಿಯೂ ಇದೆ. ಪ್ರತಿ ಓದಿಗೂ ಕೊಂಡಿಗಳು ಬದಲಾಗುವುದರಿಂದ, ಹಲವು ಥ್ರೆಡ್‌ಗಳಿದ್ದಲ್ಲಿ ಬರೀ ಓದುವುದಕ್ಕೂ ಬೀಗ ಹಾಕಬೇಕಾಗುತ್ತದೆ.